ಖಾಲಿ ಜಾಗಕ್ಕೂ ಒಂದು ಗೋಡೆ ಬೇಕು

ನಮ್ಮ ಕನ್ನಡ ಸಂಘದಲ್ಲಿ ಪೋಸ್ಟರ್ ಕೆಲಸ ಬಂತೆಂದರೆ ಅದು ತಿರುಗಿ ತಿರುಗಿ ನಮ್ಮ ನಾಲ್ಕು ಮಂದಿಯ ತಲೆಗೇ ಬರ್ತದೆ. ರಾಜ್ಯೋತ್ಸವ, ಕವಿಗೋಷ್ಠಿ, ರಕ್ತದಾನ ಶಿಬಿರ, ಎಲ್ಲಾ ಆಗ್ಯದೆ. ಈ ಸಲ ಬಂದದ್ದು ಮಾತ್ರ ಬೇರೆ ನಮೂನೆ ಕೆಲಸ. ನಮ್ಮಲ್ಲೊಬ್ಬನ ಕಾಕಾ ಕಮಲಾಪುರದವರು, ಕೆಂಪು ಬಾಳೆ ಬೆಳೀತಾರೆ. ಕಲಬುರಗಿಯೊಳಗೆ ಹಣ್ಣಿನ ಸೀಸನ್ನಿಗೆ ತಾವೇ ಒಂದು ಟೇಬಲ್ ಹಾಕಿ ಮಾರಬೇಕಂತ ಅವರ ವಿಚಾರ. ಅದಕ್ಕೆ ಆರು ಅಡಿ ಅಗಲ, ಮೂರು ಅಡಿ ಎತ್ತರದ ಒಂದೇ ಒಂದು ಫ್ಲೆಕ್ಸ್ ಬೇಕಿತ್ತು. ಅಕ್ಷರ, ಲೋಗೋ ಎಲ್ಲಾ ಫ್ಲೆಕ್ಸ್ ಅಂಗಡಿಯ ಅಣ್ಣ ಕೂರಿಸ್ತಾರೆ, ಚಿತ್ರ ಮಾತ್ರ ನಾವು ಕೊಡಬೇಕು. ಕಂಪ್ಯೂಟರಿನಿಂದ ಚಿತ್ರ ಹುಟ್ಟಿಸೋದು ನಮಗೆ ಗೊತ್ತು ಅಂತ ಅವರಿಗೆ ಯಾರೋ ಹೇಳಿದ್ದರು.

ಅಣ್ಣ ಕೇಳಿದ್ದು ಒಂದೇ ಮಾತು: "ಚಿತ್ರ ಹ್ಯಾಂಗರೆ ಇರ್ಲಿ, ನನಗ ಬರೀಲಿಕ್ಕ ಜಾಗಾ ಬಿಟ್ಟು ಕೊಡ್ರಿ. ಹೋದ ಸಲ ಒಬ್ಬರು ತಂದ್ರು, ಚಿತ್ರ ತುಂಬಾ ಎಲಿ, ಹೂವು, ಕೊಳ್ಳಿ. ಎಲ್ಲಿ ಬರೀಲಿ? ಕಡೀಕ ಒಂದು ಹಳದಿ ಪಟ್ಟಿ ಹಾಕಿ ಅದರ ಮ್ಯಾಲೆ ಬರದೆ."

ಆ ಹಳದಿ ಪಟ್ಟಿಯನ್ನ ನೀವೂ ನೋಡಿರ್ತೀರಿ. ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿದರೆ ಹತ್ತು ಸಿಗ್ತಾವೆ. ಚಂದದ ಚಿತ್ರ, ಅದರ ಎದೆಯ ಮೇಲೆ ಅಡ್ಡ ಪಟ್ಟಿ. ಅಕ್ಷರಕ್ಕೆ ಜಾಗ ಇಲ್ಲದ ಚಿತ್ರಕ್ಕೆ ಆಗೋ ಗತಿ ಅದು.

ಚಿತ್ರ ಮಾಡೋ ಎಷ್ಟೋ ಮಾಡೆಲ್‌ಗಳಿಗೆ ಖಾಲಿ ಬಿಡೋದು ಅಂದ್ರೆ ಭಾಳ ಕಷ್ಟ. ಮೊದಲ ಪ್ರಯೋಗಕ್ಕೆ ಯಾರೇ ಆದರೂ ಬರೆಯುವ ಸಾಲನ್ನೇ ನಾವೂ ಬರೆದು ನೋಡಿದೆವು:

```
a bunch of red bananas on a table, empty space on left for text, no letters
```

ಇಪ್ಪತ್ತು ಚಿತ್ರ ತೆಗೆದೆವು. ಕೆಲವದರಲ್ಲಿ ಎಡಕ್ಕೆ ಒಂದು ಬಿಳೀ ಚೌಕ, ಯಾರೋ ಕಾಗದ ಅಂಟಿಸಿದ ಹಾಗೆ. ಕೆಲವದರಲ್ಲಿ ಗೋಡೆಗೆ ತೂಗುಹಾಕಿದ ಖಾಲಿ ಫೋಟೋ ಫ್ರೇಮು. ಇನ್ನುಳಿದವುಗಳಲ್ಲಿ ಖುದ್ದು ಅಕ್ಷರಗಳೇ, ಅದೂ ಯಾವ ಭಾಷೆಯದೂ ಅಲ್ಲದವು. ಕನ್ನಡದ ಸುರುಳಿಯಂತೆ ದೂರದಿಂದ ಕಾಣ್ತಿದ್ದವು, ಹತ್ತಿರ ಹೋದರೆ ಜಿಲೇಬಿ.

ಇದರ ಕಾರಣ ತಿಳಕೊಂಡರೆ ಮುಂದಿನ ಕೆಲಸ ಅರ್ಧ ಹಗುರ ಆಗ್ತದೆ. ಈ ಮಾಡೆಲ್‌ಗಳು ಕಲಿತದ್ದು ಚಿತ್ರ ಮತ್ತು ಅದರ ವಿವರಣೆಯ ಜೋಡಿಗಳಿಂದ. ಜನ ವಿವರಣೆ ಬರೆಯುವಾಗ ಚಿತ್ರದಲ್ಲಿ ಇರೋದನ್ನು ಬರೀತಾರೆ, ಇಲ್ಲದ್ದನ್ನು ಬರೆಯೋದಿಲ್ಲ. 'ಮೇಜಿನ ಮೇಲೆ ಬಾಳೆಹಣ್ಣು' ಅಂತಾರೆ, 'ಎಡಗಡೆ ಏನೂ ಇಲ್ಲ' ಅಂತ ಯಾರೂ ಅನ್ನೋದಿಲ್ಲ. ಹಾಗಾಗಿ `no letters` ಎಂಬುದರಲ್ಲಿ `no` ಪದಕ್ಕೆ ತೂಕ ಕಡಿಮೆ, `letters` ಪದಕ್ಕೆ ತೂಕ ಹೆಚ್ಚು. ಅಕ್ಷರ ಬೇಡ ಅಂದದ್ದೇ ಅಕ್ಷರವನ್ನ ಕರೆದಂತೆ ಆಗ್ತದೆ. `text` ಎಂಬ ಪದದ್ದೂ ಅದೇ ಕಥೆ. ಬೇಡದ್ದನ್ನು ಹೇಳಲಿಕ್ಕೆ ನೆಗೆಟಿವ್ ಪ್ರಾಂಪ್ಟ್ ಅಂತ ಬೇರೆ ಪೆಟ್ಟಿಗೆ ಇರ್ತದೆ. ಅಲ್ಲಿ ಬರೆದ ಪದ ಬೇರೆ ದಾರಿಯಲ್ಲಿ ಕೆಲಸ ಮಾಡ್ತದೆ: ಪ್ರತಿ ಹೆಜ್ಜೆಯಲ್ಲೂ ಮಾಡೆಲ್ ಎರಡು ಅಂದಾಜು ಮಾಡಿ, ನೆಗೆಟಿವ್ ಅಂದಾಜಿನಿಂದ ದೂರ ಸರೀತದೆ. ಅಕ್ಷರ, ಲೋಗೋ, ವಾಟರ್‌ಮಾರ್ಕ್, ಫ್ರೇಮು ಇವೆಲ್ಲಾ ಅಲ್ಲಿರಬೇಕು.

ಸ್ಟಾಕ್ ಫೋಟೋ ಮಾರುವವರು `copy space` ಅಂತ ಒಂದು ಮಾತು ಬಳಸ್ತಾರೆ, ಬರೆಯಲು ಬಿಟ್ಟ ಜಾಗ ಅಂತ ಅರ್ಥ. ಮಾಡೆಲ್‌ಗಳೂ ಅದನ್ನ ಒಂದಿಷ್ಟು ಕಲಿತಿರ್ತಾವೆ, ಹಾಕಿದರೆ ಉಪಯೋಗ ಆಗ್ತದೆ. ಆದರೆ ಆ ಪದದ ಬೆನ್ನಿಗೇ ಸ್ಟಾಕ್ ಫೋಟೋದ ಹೊಳಪು, ನಕಲಿ ಸ್ಟುಡಿಯೋ ಬೆಳಕು, ಒಮ್ಮೊಮ್ಮೆ ಮಸುಕಾದ ವಾಟರ್‌ಮಾರ್ಕಿನ ನೆರಳೂ ಬರ್ತಾವೆ. ನಮಗಂತೂ ಅದು ಅಷ್ಟು ಹಿಡಿಸಲಿಲ್ಲ.

ನಿಜವಾಗಿ ಕೆಲಸಕ್ಕೆ ಬಂದದ್ದು ಇನ್ನೊಂದು ಉಪಾಯ. 'ಏನೂ ಇಲ್ಲ' ಎಂಬುದನ್ನ ಮಾಡೆಲ್ ಬಿಡಿಸಲಾರದು, ಆದರೆ ಗೋಡೆಯನ್ನು ಬಿಡಿಸಬಲ್ಲದು. ಆಕಾಶವನ್ನು, ಮಂಜನ್ನು, ಉತ್ತ ಹೊಲದ ಕಪ್ಪು ಮಣ್ಣನ್ನು ಬಿಡಿಸಬಲ್ಲದು. ಖಾಲಿ ಜಾಗಕ್ಕೆ ಒಂದು ವಸ್ತುವಿನ ಹೆಸರು ಕೊಡಬೇಕು. ನಾವು ಮೊದಲು ನಮ್ಮೂರಿನ ಅಭಿಮಾನದಿಂದ ಶಹಾಬಾದ್ ಕಲ್ಲಿನ ಗೋಡೆ ಇಟ್ಟು ನೋಡೋಣ ಅಂದೆವು. ಕಲ್ಲು ಚಂದವೇ ಬಂತು, ಆದರೆ ಹಾಸುಗಲ್ಲಿನ ಸಂದುಗೆರೆಗಳು ಅಡ್ಡಡ್ಡ ಹೋಗ್ತಾವೆ, ಅವು ಅಕ್ಷರದ ತಲೆಕಟ್ಟಿನ ಜೊತೆ ಜಗಳಕ್ಕೆ ನಿಲ್ತಾವೆ. ಸುಣ್ಣ ಬಳಿದ ಗೋಡೆ ಸರಿಹೋಯಿತು:

```
red-brown bananas at far right, plain lime-washed wall
filling the left, soft even daylight, wide shot
```

ಈಗ ಇಪ್ಪತ್ತರಲ್ಲಿ ಏಳೆಂಟು ಚಿತ್ರಗಳಲ್ಲಿ ಎಡಭಾಗ ಸ್ವಚ್ಛ ಇತ್ತು. ಅಳತೆಯದೂ ಒಂದು ಮಾತು ಇದೆ. ನಾವು ಬಳಸಿದ್ದು ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್. ಅದು ಒಟ್ಟು ಸುಮಾರು 1024×1024 ಪಿಕ್ಸೆಲ್‌ಗಳಷ್ಟು ದೊಡ್ಡ ಚಿತ್ರಕ್ಕೆ ತಯಾರಾದದ್ದು. ಫ್ಲೆಕ್ಸು 6×3 ಅಡಿ, ಅಂದ್ರೆ 2:1. ಅದಕ್ಕೆ 1408×704 ಸರಿಯಾಗಿ ಕೂಡ್ತದೆ. ಚೌಕದ ಚಿತ್ರ ತೆಗೆದು ಆಮೇಲೆ ಕತ್ತರಿಸ್ತೀವಿ ಅಂದ್ರೆ ಮಾಡೆಲ್ ಹಣ್ಣನ್ನ ನಡುವೆ ತಂದು ಕೂರಿಸ್ತದೆ, ಎಡಕ್ಕೆ ಬಿಡಲು ಜಾಗವೇ ಉಳಿಯೋದಿಲ್ಲ. ಅಗಲದ ಹಾಳೆ ಕೊಟ್ಟರೆ ಅದಕ್ಕೂ ಉಸಿರಾಡಲಿಕ್ಕೆ ಜಾಗ ಸಿಗ್ತದೆ.

ಈ ಏಳೆಂಟರಲ್ಲಿ ಮೂರು ಆರಿಸಿಕೊಂಡು ಮೊಬೈಲಿನಲ್ಲಿ ಕಾಕಾರಿಗೆ ತೋರಿಸಿದೆವು. ಅವರು ಎಡಗಡೆ ಬಿಟ್ಟ ಜಾಗ ನೋಡಲೇ ಇಲ್ಲ. ಹಣ್ಣು ನೋಡಿದರು.

"ಇದು ನಮ್ಮ ಹಣ್ಣಲ್ಲಪಾ ತಮ್ಮಾ. ನಮ್ಮದು ಟೊಮ್ಯಾಟೊ ಹಂಗ ಕೆಂಪಿರಲ್ಲ. ಇದನ್ನ ನೋಡಿ ಟೇಬಲ್ಲಿಗೆ ಬಂದವ, ಹಣ್ಣು ನೋಡಿ ಬಣ್ಣ ಹಚ್ಚೀರೇನು ಅಂತ ಕೇಳ್ತಾನ. ಮೊದಲೇ ನಮ್ಮ ಹಣ್ಣಿಗೆ ರೊಕ್ಕ ಜಾಸ್ತಿ."

ಅವರ ಮಾತು ಖರೇ. ಲೋಕದ ಫೋಟೋಗಳಲ್ಲಿ ಬಾಳೆಹಣ್ಣೆಂದರೆ ಹಳದಿ. ಕೆಂಪು ಅಂತ ಹೇಳಿದರೆ ಮಾಡೆಲ್ ಹಳದಿ ಹಣ್ಣಿಗೇ ಕೆಂಪು ಬಣ್ಣ ಹೊಡೆದಂತೆ ಮಾಡ್ತದೆ, ಹೊಳಪು ಪ್ಲಾಸ್ಟಿಕ್ಕಿನದು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಈ ನೆಲದ ಹಣ್ಣು ಅಂತಲೇ ಅದಕ್ಕೆ ಬೆಲೆ. ಅದನ್ನ ಮಾರಲಿಕ್ಕೆ ಎಲ್ಲಿಯೂ ಬೆಳೆಯದ ಹಣ್ಣಿನ ಚಿತ್ರ ಹಾಕೋದು ಗಿರಾಕಿಗೂ ಮೋಸ, ಕಾಕಾರಿಗೂ ನಷ್ಟ. ಆವತ್ತೇ ತೀರ್ಮಾನ ಆಯಿತು: ಹಣ್ಣು ನಿಜದ್ದು, ಮಾಡೆಲ್ ಮಾಡೋದು ಗೋಡೆ ಮಾತ್ರ.

ಹುಮನಾಬಾದ್ ರಸ್ತೆಯ ಬಸ್ ಹಿಡಿದು ಒಂದು ಭಾನುವಾರ ಕಮಲಾಪುರಕ್ಕೆ ಹೋದೆವು. ಕಾಕಾ ಒಂದು ಒಳ್ಳೇ ಚಿಪ್ಪು ಆರಿಸಿ ಪಡಸಾಲೆಯ ಮೇಜಿನ ಮೇಲೆ ಇಟ್ಟರು. ಬಾಗಿಲು ಎಡಕ್ಕಿತ್ತು, ಬೆಳಕು ಎಡದಿಂದ ಬರ್ತಿತ್ತು, ನೆರಳು ಬಲಕ್ಕೆ ಬಿದ್ದಿತ್ತು. ಇದು ನಮಗೆ ಅನುಕೂಲವೇ ಆಯಿತು. ಕನ್ನಡ ಎಡದಿಂದ ಓದೋದರಿಂದ ತಲೆಬರಹ ಎಡಕ್ಕೆ, ಹಣ್ಣು ಬಲಕ್ಕೆ. ಬೆಳಕು ಬಲದಿಂದ ಬಂದಿದ್ದರೆ ನೆರಳು ಚಾಚಿಕೊಂಡು ನಾವು ಬಿಡಬೇಕಾದ ಜಾಗಕ್ಕೇ ಬೀಳ್ತಿತ್ತು.

ಇಲ್ಲಿ ನೀವು ಕೇಳಬಹುದು, ಅಷ್ಟು ದೂರ ಹೋದವರು ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಸಮೇತ ಫೋಟೋ ತೆಗೆದರೆ ಆಗ್ತಿರಲಿಲ್ಲವೇ ಅಂತ. ಸ್ವಚ್ಛ ಗೋಡೆ ಇದ್ದಿದ್ದರೆ ಅದೇ ಸರಿ. ಯಾವ ಮಾಡೆಲ್ಲೂ ಬೇಡ. ಆದರೆ ಆ ಗೋಡೆಯ ಮೇಲೆ ಕ್ಯಾಲೆಂಡರು, ಮೀಟರ್ ಬೋರ್ಡು, ಅದರಿಂದ ಇಳಿದ ಎರಡು ವೈರು, ಒಂದು ದೇವರ ಫೋಟೋ ಇದ್ದವು. ಹಣ್ಣಿನ ಪಕ್ಕ ಸ್ವಚ್ಛ ಇದ್ದದ್ದು ಒಂದು ಗೇಣು ಜಾಗ. ಆ ಗೇಣನ್ನ ನಾಲ್ಕು ಅಡಿ ಮಾಡಬೇಕಿತ್ತು, ಅಷ್ಟೇ.

ಕೆಲಸ ಹೀಗೆ ನಡೀತು. 1408×704ರ ಹಾಳೆಯಲ್ಲಿ ಮೊದಲು ಗೆರೆ ಹಾಕಿಕೊಂಡೆವು. ಆರು ಅಡಿ ಅಂದ್ರೆ 72 ಇಂಚು, ಅಂದ್ರೆ ಒಂದು ಇಂಚಿಗೆ ಸುಮಾರು 20 ಪಿಕ್ಸೆಲ್. ಫ್ಲೆಕ್ಸಿನ ಅಂಚನ್ನ ಮಡಚಿ ರಿಂಗು ಹೊಡೀತಾರೆ, ಅಲ್ಲಿ ಎರಡು ಇಂಚು ಏನೂ ಇರಬಾರದು, ಅದಕ್ಕೆ ಸುತ್ತ 40 ಪಿಕ್ಸೆಲ್. ತಲೆಬರಹದ ಚೌಕ ಎಡ ಮೇಲೆ 700 ಅಗಲ, 300 ಎತ್ತರ. ಲೋಗೋ ಚೌಕ ಎಡ ಕೆಳಗೆ 240 ಅಗಲ, ಅಂದ್ರೆ ಅಚ್ಚಿನಲ್ಲಿ ಒಂದು ಅಡಿ. ಹಣ್ಣು ಬಲಕ್ಕೆ, 820ನೇ ಪಿಕ್ಸೆಲ್ಲಿನಿಂದ ಆಚೆ.

ಆ 300 ಎತ್ತರ ಎಲ್ಲಿಂದ ಬಂತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗೋದಿಲ್ಲ. ಅಕ್ಷರದ ಅಳತೆ 100 ಪಿಕ್ಸೆಲ್ ಅಂತ ಇಟ್ಟುಕೊಂಡರೆ ಇಂಗ್ಲಿಷಿನ ಎರಡು ಸಾಲಿಗೆ 240 ಸಾಕು. ಕನ್ನಡಕ್ಕೆ ಸಾಲದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಇಳೀತದೆ, ಗುಡಿಸು ಮೇಲೆ ಏರ್ತದೆ. ಕಾಕಾ ಬರೆಸಬೇಕೆಂದದ್ದು 'ಕೆಂಪು ಬಾಳೆಹಣ್ಣು', ಅದರ ಕೆಳಗೆ 'ಕಮಲಾಪುರ'. ಮೇಲಿನ ಸಾಲಿನ 'ಣ್ಣು'ವಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಕಾಲಿಡ್ತದೆ. ಸಾಲಿನ ಅಂತರ ಒಂದೂವರೆ ಪಟ್ಟು ಇಟ್ಟರೇನೇ ಬಿಡಿಸಿ ಕಾಣೋದು. ಅದಕ್ಕೇ 300. ಚಿತ್ರದಲ್ಲಿ ಮೊದಲೇ ಇಷ್ಟು ಬಿಡದಿದ್ದರೆ ಅಕ್ಷರ ಹಾಕುವವರು ಏನು ಮಾಡ್ತಾರೆ? ಅಕ್ಷರ ಸಣ್ಣದು ಮಾಡ್ತಾರೆ, ಇಲ್ಲವೇ ಒತ್ತುಗಳನ್ನ ಒಂದರ ಮೇಲೊಂದು ಹತ್ತಿಸ್ತಾರೆ. ರಸ್ತೆಯ ಆ ಬದಿಯಿಂದ ಓದಲಿಕ್ಕೆ ಬರೋದಿಲ್ಲ.

ಆಮೇಲೆ ಹಣ್ಣಿನ ಫೋಟೋವನ್ನ ಅದರ ನೆರಳಿನ ಸಮೇತ, ಪಕ್ಕದ ಗೇಣು ಗೋಡೆಯ ಸಮೇತ ಬಲಕ್ಕೆ ಇಟ್ಟೆವು. ಉಳಿದ ಎಡಭಾಗಕ್ಕೆ ಆ ಗೋಡೆಯಿಂದಲೇ ಬಣ್ಣ ಎತ್ತಿ ಸುಮ್ಮನೆ ದಪ್ಪ ಬ್ರಷ್ಷಿನಲ್ಲಿ ಹಚ್ಚಿದೆವು, ಬಾಗಿಲ ಕಡೆ ಸ್ವಲ್ಪ ತಿಳಿ, ಹಣ್ಣಿನ ಕಡೆ ಸ್ವಲ್ಪ ಗಾಢ. ನೋಡಲಿಕ್ಕೆ ಮೂರನೇ ಕ್ಲಾಸಿನ ಹುಡುಗರ ಚಿತ್ರದಂತೆ ಇತ್ತು. ಆದರೆ ಅಷ್ಟು ಸಾಕು. ಡಿಫ್ಯೂಷನ್ ಮಾಡೆಲ್ ಚಿತ್ರ ಮಾಡೋದು ಗದ್ದಲದಿಂದ ಶುರು ಮಾಡಿ, ಹೆಜ್ಜೆ ಹೆಜ್ಜೆಗೆ ಗದ್ದಲ ತೆಗೀತಾ. ಎಲ್ಲಿ ಬೆಳಕು, ಎಲ್ಲಿ ಕತ್ತಲು, ಎಲ್ಲಿ ದೊಡ್ಡ ಆಕಾರ ಅನ್ನೋದು ಮೊದಲ ಕೆಲವು ಹೆಜ್ಜೆಗಳಲ್ಲೇ ನಿರ್ಧಾರ ಆಗಿಬಿಡ್ತದೆ. ಕೊನೆಯ ಹೆಜ್ಜೆಗಳು ಬರೀ ಸಣ್ಣ ವಿವರ. ನಾವು ಹಚ್ಚಿದ ಬಣ್ಣ ಆ ಮೊದಲ ನಿರ್ಧಾರವನ್ನ ನಮ್ಮ ಕೈಗೆ ತಂದುಕೊಡ್ತದೆ.

ಎಷ್ಟು ಗದ್ದಲ ಬೆರೆಸಬೇಕು ಅನ್ನೋದಕ್ಕೆ `strength` ಎಂಬ ಒಂದು ಅಂಕಿ ಇದೆ, 0ಯಿಂದ 1ರ ತನಕ. ಒಟ್ಟು 30 ಹೆಜ್ಜೆ ಇಟ್ಟು 0.4 ಕೊಟ್ಟರೆ ಕೊನೆಯ 12 ಹೆಜ್ಜೆ ಮಾತ್ರ ನಡೀತಾವೆ. ನಮ್ಮ ಬ್ರಷ್ಷಿನ ಬಣ್ಣ ಹಾಗೇ ಉಳೀತು, ಗೋಡೆ ಅನ್ನಿಸಲಿಲ್ಲ, ಫೋಟೋ ಸೇರುವಲ್ಲಿ ಒಂದು ಗೆರೆ ಕಾಣ್ತಿತ್ತು. 0.95 ಕೊಟ್ಟರೆ ನಮ್ಮ ಬಣ್ಣವೆಲ್ಲಾ ಗದ್ದಲದಲ್ಲಿ ಮುಳುಗಿಹೋಗಿ, ಮಾಡೆಲ್ ತನ್ನ ಹಳೇ ಚಾಳಿಗೆ ಬಂತು. ಒಂದರಲ್ಲಿ ಕಿಟಕಿ, ಒಂದರಲ್ಲಿ ಮಣ್ಣಿನ ಗಡಿಗೆ, ಒಂದರಲ್ಲಿ ಮೊಳೆಗೆ ನೇತುಹಾಕಿದ ಟವೆಲ್ಲು. 0.7ರಲ್ಲಿ ಗೋಡೆ ಗೋಡೆಯಾಯಿತು. ಅಲ್ಲಲ್ಲಿ ಸುಣ್ಣದ ತೆಳು ಕಲೆ, ಅಷ್ಟೇ. ಮಾಸ್ಕಿನ ಅಂಚನ್ನ ಒಂದೇ ಗೆರೆಯಲ್ಲಿ ಕತ್ತರಿಸದೆ ಒಂದಿಪ್ಪತ್ತು ಪಿಕ್ಸೆಲ್ ಮೆತ್ತಗೆ ಕರಗಿಸಿದ್ದರಿಂದ ಹಳೇ ಗೋಡೆ ಎಲ್ಲಿ ಮುಗೀತು, ಹೊಸದು ಎಲ್ಲಿ ಶುರುವಾಯಿತು ಅಂತ ಕಾಕಾರ ಮಗನಿಗೂ ಹೇಳಲಿಕ್ಕೆ ಬರಲಿಲ್ಲ. ಅವನು ಆ ಮನೆಯಲ್ಲೇ ಹುಟ್ಟಿದವ.

ಒಂದು ಸಂಗತಿ ಹೇಳಲೇಬೇಕು. ಮಾಸ್ಕಿನ ಹೊರಗಿನ ಭಾಗ, ಅಂದ್ರೆ ಹಣ್ಣು, ಮುಟ್ಟದೇ ಉಳೀತದೆ ಅಂತ ನಂಬಬೇಡಿ. ಈ ಮಾಡೆಲ್ ಇಡೀ ಚಿತ್ರವನ್ನ ಅಡ್ಡಕ್ಕೂ ಉದ್ದಕ್ಕೂ ಎಂಟು ಪಟ್ಟು ಕಿರಿದಾದ ಒಂದು ರೂಪಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಬಿಚ್ಚುತ್ತದೆ. ಆ ಇಳಿಸಿ ಬಿಚ್ಚುವಾಗಲೇ ಹಣ್ಣಿನ ತೊಗಟೆಯ ಸಣ್ಣ ಚುಕ್ಕೆಗಳು ಸವೆದುಹೋಗ್ತಾವೆ. ಅದಕ್ಕೇ ಕೊನೆಯಲ್ಲಿ ಮೂಲ ಫೋಟೋದ ಹಣ್ಣನ್ನೇ ಮೇಲೆ ಮತ್ತೆ ಅಂಟಿಸಬೇಕು. ಇದರಿಂದ ಇನ್ನೊಂದು ಲಾಭವೂ ಆಯಿತು. ಫ್ಲೆಕ್ಸಿಗೆ ಇಂಚಿಗೆ 72 ಪಿಕ್ಸೆಲ್ ಇದ್ದರೆ ನಡೀತದೆ, ಅಂದ್ರೆ 5184×2592. ನಮ್ಮ 1408ನ್ನು ಸುಮಾರು 3.7 ಪಟ್ಟು ಹಿಗ್ಗಿಸಬೇಕು. ಹಣ್ಣು ಮೊಬೈಲಿನ ದೊಡ್ಡ ಫೋಟೋದಿಂದ ನೇರ ಬಂದದ್ದರಿಂದ ಅದನ್ನ ಹಿಗ್ಗಿಸುವ ಪ್ರಮೇಯವೇ ಬರಲಿಲ್ಲ. ಗೋಡೆಯನ್ನು ಮಾತ್ರ ಹಿಗ್ಗಿಸಿದೆವು, ಅದೂ ಸಾದಾ ಬೈಕ್ಯೂಬಿಕ್ ವಿಧಾನದಲ್ಲಿ. ಎಐ ಅಪ್‌ಸ್ಕೇಲರ್‌ಗೆ ಕೊಟ್ಟು ನೋಡಿದಾಗ ಅದು ನುಣುಪು ಗೋಡೆಯಲ್ಲಿ ಇಲ್ಲದ ಗೀರುಗಳನ್ನು ಹುಟ್ಟಿಸಿತು. ಸಾದಾ ಹಿಗ್ಗಿಸಿದ ಮೇಲೆ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಪಟ್ಟಿ ಕಾಣುವ ಸಾಧ್ಯತೆ ಇರ್ತದೆ, ಅದಕ್ಕೆ ಚೂರು ನಾಯ್ಸ್ ಬೆರೆಸಿದರೆ ಪಟ್ಟಿ ಮಾಯ.

ಜಾಗ ಸ್ವಚ್ಛ ಅದೆಯೋ ಇಲ್ಲವೋ ಅಂತ ಕಣ್ಣಿಗೆ ಬಿಟ್ಟರೆ ನಾಲ್ಕು ಮಂದಿಗೆ ನಾಲ್ಕು ಅಭಿಪ್ರಾಯ. ಇಂಜಿನಿಯರಿಂಗ್ ಹುಡುಗರಲ್ಲವೇ, ಅಳೆಯೋಣ ಅಂದೆವು:

```python
from PIL import Image, ImageStat
im = Image.open("bale.png").convert("L")
box = im.crop((60, 120, 760, 420))
s = ImageStat.Stat(box)
print(s.mean[0], s.stddev[0])
```

ತಲೆಬರಹದ ಚೌಕವನ್ನ ಕಪ್ಪು-ಬಿಳುಪಿಗೆ ತಂದು ಸರಾಸರಿ ಹೊಳಪು ಮತ್ತು ಅದರ ಏರಿಳಿತ ಕೇಳ್ತೀವಿ. ಟವೆಲ್ಲು ಬಂದಿದ್ದ ಚಿತ್ರದಲ್ಲಿ ಏರಿಳಿತ 30 ದಾಟಿತ್ತು. ಕೊನೆಗೆ ಆರಿಸಿದ್ದರಲ್ಲಿ 8ರ ಆಸುಪಾಸು. ಸರಾಸರಿ 200ರ ಮೇಲಿತ್ತು, ಅಂದ್ರೆ ತಿಳಿ ಗೋಡೆ, ಅದರ ಮೇಲೆ ಗಾಢ ಅಕ್ಷರ ಎದ್ದು ಕಾಣ್ತದೆ. ಸರಾಸರಿ 120–130ರಲ್ಲಿ ಬಂದರೆ ನಡುನಡುವಿನ ಬಣ್ಣ, ಅದರ ಮೇಲೆ ಮರೂನ್ ಬರೆದರೂ ಹಸಿರು ಬರೆದರೂ ಮುಳುಗ್ತದೆ. ಆದರೆ ಈ ಅಂಕಿಯನ್ನ ಪೂರ್ತಿ ನಂಬೋ ಹಾಗಿಲ್ಲ. ಇಡೀ ಗೋಡೆ ನುಣುಪಾಗಿದ್ದು ಒಂದೇ ಒಂದು ವೈರು ಅಡ್ಡ ಹೋಗಿದ್ದರೆ ಏರಿಳಿತ ಕಡಿಮೆಯೇ ಬರ್ತದೆ, ಅಕ್ಷರ ಮಾತ್ರ ಕೆಡ್ತದೆ. ತದ್ವಿರುದ್ಧವಾಗಿ, ತಿಳಿಯಿಂದ ಗಾಢಕ್ಕೆ ಮೆಲ್ಲಗೆ ಇಳಿಯುವ ಗೋಡೆಗೆ ಅಂಕಿ ಜಾಸ್ತಿ ಬರ್ತದೆ, ಬರೆಯಲಿಕ್ಕೆ ತೊಂದರೆ ಇರೋದಿಲ್ಲ. ಅದಕ್ಕೇ ಅಂಕಿ ನೋಡಿದ ಮೇಲೆ ಚಿತ್ರವನ್ನ ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ಒಮ್ಮೆ ನೋಡ್ತೀವಿ. ಆ ಅಳತೆಯಲ್ಲೂ ಕಣ್ಣು ಖಾಲಿ ಜಾಗದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಏನೋ ಉಳಿದದೆ ಅಂತಲೇ ಅರ್ಥ.

ಅಣ್ಣನಿಗೆ ಕೊಟ್ಟದ್ದು ಎರಡು ಪಿಎನ್‌ಜಿ ಫೈಲು: ಗೋಡೆ ಒಂದು, ಹಿನ್ನೆಲೆ ತೆಗೆದ ಹಣ್ಣು ಒಂದು. ಬೇರೆ ಬೇರೆ ಕೊಟ್ಟರೆ ಅವರಿಗೆ ಬೇಕಾದಾಗ ಹಣ್ಣನ್ನ ಎರಡು ಇಂಚು ಸರಿಸಿಕೊಳ್ಳಬಹುದು. ಜೊತೆಗೆ ಒಂದು ಚೀಟಿಯಲ್ಲಿ ಎರಡೂ ಚೌಕಗಳ ಅಳತೆ ಇಂಚಿನಲ್ಲಿ ಬರೆದುಕೊಟ್ಟೆವು. ಅವರು ಸ್ಕ್ರೀನಿನ ಮೇಲೆ ತೆರೆದು ನೋಡಿ, "ಹಾಂ, ಇದು ಗ್ವಾಡಿ ನೋಡ್ರಿ. ಆರಾಮ ಬರೀತೀನಿ" ಅಂದರು. ಹಳದಿ ಪಟ್ಟಿಯ ಸುದ್ದಿ ಎತ್ತಲಿಲ್ಲ.

ಎರಡು ದಿನ ಬಿಟ್ಟು ಕಾಕಾ ಇನ್ನೊಂದು ಸಾಲು ಸೇರಿಸಿದರು, 'ನೇರ ತೋಟದಿಂದ', ಅದರ ಕೆಳಗೆ ಫೋನ್ ನಂಬರು. ತಲೆಬರಹದ ಚೌಕಕ್ಕೂ ಲೋಗೋ ಚೌಕಕ್ಕೂ ನಡುವೆ 120 ಪಿಕ್ಸೆಲ್, ಅಂದ್ರೆ ಆರು ಇಂಚು ಉಳಿಸಿದ್ದೆವು. ಎರಡೂ ಅಲ್ಲೇ ಹಿಡಿದವು. ಲೋಗೋದ ಜಾಗ ಮಾತ್ರ ಅಚ್ಚಾಗುವಾಗ ಖಾಲಿಯೇ ಉಳೀತು. ಕಾಕಾರಿಗೆ ಅಲ್ಲಿ ಭೌಗೋಳಿಕ ಸೂಚಕದ ಮುದ್ರೆ ಬೇಕಿತ್ತು. ಅದನ್ನ ಹಾಕಿಕೊಳ್ಳಬೇಕಾದರೆ ಅಧಿಕೃತ ಬಳಕೆದಾರರಂತ ನೋಂದಣಿ ಆಗಿರಬೇಕು, ಆ ಕಾಗದ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಒಂದು ಅಡಿಯ ಸ್ಟಿಕರ್ ಮಾಡಿಸಿ ಅಲ್ಲಿ ಹಚ್ಚೋಣ ಅಂತ ಅಣ್ಣ ಹೇಳಿದ್ದಾರೆ.

ಈಗ ನಮ್ಮ ಕೈಯಲ್ಲಿರೋದು ತೊಗರಿ ಬೇಳೆಯ ಒಂದು ಕಿಲೋ ಪ್ಯಾಕೆಟ್ಟಿನ ಚಿತ್ರ. ಅದರಲ್ಲಿ ಗೋಡೆ ಇಲ್ಲ, ಆಕಾಶ ಇಲ್ಲ, ಇಡೀ ಚಿತ್ರ ಬೇಳೆಯ ರಾಶಿ, ತಲೆಬರಹ ನಡುವೆಯೇ ಬರಬೇಕಂತ ಹೇಳ್ಯಾರೆ. ರಾಶಿಯ ಮೇಲೆ ಒಂದು ಮರದ ಮೊರ ಇಟ್ಟು, ಅದರ ಬರಿದಾದ ತಳದಲ್ಲಿ ಬರೆಯಬಹುದೇ ಅಂತ ನೋಡ್ತಿದ್ದೇವೆ. ಸದ್ಯಕ್ಕೆ ಮಾಡೆಲ್ ಮೊರದ ತುಂಬಾ ಬೇಳೆ ಸುರೀಲಿಕತ್ತದೆ.